ಬಾಯಿ ಮೊದಲು, ಮಾತು ಆಮೇಲೆ

ಹನುಮಂತರಾಯರಿಗೆ ತಲೆ ಕೈಕೊಡುತ್ತಿದೆ ಎಂದು ಮೊದಲು ಅಂದುಕೊಂಡವರು ಬೇರೆ ಯಾರೂ ಅಲ್ಲ, ಸ್ವತಃ ಹನುಮಂತರಾಯರೇ. ಮನೆಯವರು ಆಮೇಲೆ ಸೇರಿಕೊಂಡರು. ಅದೂ ಎಂಥ ವಿಷಯಕ್ಕೆ ಅಂತೀರಿ? ಟಿವಿಯಲ್ಲಿ ಬರುವ ಏಳು ಗಂಟೆಯ ಕನ್ನಡ ವಾರ್ತೆ ತಿಳಿಯುತ್ತಿಲ್ಲ ಎಂಬುದಕ್ಕೆ. ಕೇಳುತ್ತಿಲ್ಲ ಅಂತಲ್ಲ, ತಿಳಿಯುತ್ತಿಲ್ಲ. ಧ್ವನಿ ಬರುತ್ತದೆ, ಬೇಕಾದಷ್ಟು ಜೋರಾಗಿಯೇ ಬರುತ್ತದೆ, ಆದರೆ ಹಿಟ್ಟಿಗೆ ನೀರು ಹೆಚ್ಚಾದ ಹಾಗೆ ಎಲ್ಲ ಕಲಸಿಹೋಗುತ್ತದೆ, ರೊಟ್ಟಿಯೇ ಆಗುವುದಿಲ್ಲ.

ಮನುಷ್ಯ ಅಂಥ ಗೊಂದಲದ ಜಾತಿಯವರಲ್ಲ. ಲಿಂಗಸುಗೂರು ಕಡೆಯ ಹಳ್ಳಿಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಹೈದರಾಬಾದಿಗೆ ಬಂದು, ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಕಾದ ಕಬ್ಬಿಣವನ್ನು ಬಡಿಯುವ ಫೋರ್ಜ್ ಶಾಪಿನಲ್ಲಿ ಮೂವತ್ತೆಂಟು ವರ್ಷ ಕಳೆದರು. ಅಲ್ಲಿನ ಸುತ್ತಿಗೆ ಎಂದರೆ ಕೈಯಲ್ಲಿ ಹಿಡಿಯುವ ಸುತ್ತಿಗೆಯಲ್ಲ. ಒಂದಂತಸ್ತಿನ ಮನೆಯಷ್ಟು ಎತ್ತರದ ಯಂತ್ರ. ಅದು ಒಮ್ಮೆ ಬಿದ್ದರೆ ಎದೆಯೊಳಗೆ ಪೆಟ್ಟು ಬಿದ್ದಂತಾಗುತ್ತಿತ್ತು. ಕಿವಿಗೆ ಇಟ್ಟುಕೊಳ್ಳಲು ರಬ್ಬರಿನ ಬಿರಡೆ ಕೊಡುತ್ತಿದ್ದರು. ಇವರು ಅದನ್ನು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಗಂಡಸರಲ್ಲವೇ!

ಆ ಸದ್ದಿನಲ್ಲಿ ಕೂಗಿದರೂ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಶಾಪಿನ ಜನ ಕೂಗುವುದನ್ನೇ ಬಿಟ್ಟು, ಬರೀ ಬಾಯಿ ಆಡಿಸಿ ಮಾತಾಡುತ್ತಿದ್ದರು. 'ತಿರುಗಿಸು', 'ತಡಿ', 'ಸಾಹೇಬ ಬಂದ', 'ಚಾ ಕುಡಿಯೋಣ ನಡಿ', ಎಲ್ಲ ತುಟಿಯಲ್ಲೇ. ತೆಲುಗಿನ ಬಾಯಿ ಬೇರೆ, ಹಿಂದಿಯ ಬಾಯಿ ಬೇರೆ, ನಮ್ಮ ಕಡೆಯ ಕನ್ನಡದ ಬಾಯಿ ಬೇರೆ. ಹನುಮಂತರಾಯರು ಮೂರನ್ನೂ ಓದುತ್ತಿದ್ದರು. ನಿವೃತ್ತರಾದ ದಿನ ಆ ವಿದ್ಯೆಯನ್ನೂ ಸಮವಸ್ತ್ರದ ಜೊತೆ ಅಲ್ಲೇ ಬಿಟ್ಟು ಬಂದೆನೆಂದು ಅವರು ತಿಳಿದಿದ್ದರು. ಅಲ್ಲೇ ತಪ್ಪಿದ್ದು.

ಈಗ ಉಪ್ಪಲ್‌ನಲ್ಲಿ ಮಗ ಕಾರ್ತಿಕನ ಜೊತೆ ವಾಸ. ಸೊಸೆ ಭಾಗ್ಯಶ್ರೀಗೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ. ಒಂದನೇ ತರಗತಿಯ ಮೊಮ್ಮಗಳು ನಿರೀಕ್ಷಾಳನ್ನು ಮಧ್ಯಾಹ್ನ ಶಾಲೆಯಿಂದ ಕೈಹಿಡಿದು ನಡೆಸಿಕೊಂಡು ಬರುವುದು ರಾಯರ ಕೆಲಸ. ಕೆಲಸ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅದು ಅವರ ದಿನದ ನಡುಮಧ್ಯ. ಹನ್ನೊಂದಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದರು. ಉಳಿದ ಇಪ್ಪತ್ಮೂರೂವರೆ ಗಂಟೆಗೆ ಅವರ ಬಳಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಮನೆಯಲ್ಲಿ ಟಿವಿ ವಾಲ್ಯೂಮಿನ ಜಗಳ ಹಳೆಯದು. ರಾಯರು ಏರಿಸುವುದು, ಅವರ ಹೆಂಡತಿ ಶೋಭಾ ಇಳಿಸುವುದು. ಕಾರ್ತಿಕನಿಗೆ ಸಾಕಾಗಿ ಒಂದು ಶನಿವಾರ ಸೌಂಡ್‌ಬಾರ್ ತಂದ. ಟಿವಿಯ ಕೆಳಗೆ ಉದ್ದಕ್ಕೆ ಮಲಗಿದ ಕರಿ ಪೆಟ್ಟಿಗೆ. ಅಂಗಡಿಯವನು ಬಂದು ಒಂದು ದಪ್ಪ ವೈರಿನಿಂದ ಟಿವಿಗೂ ಅದಕ್ಕೂ ಗಂಟು ಹಾಕಿ ಹೋದ.

"ಇನ್ನ ಒಂದೊಂದು ಅಕ್ಷರ ಕೇಳತೈತಿ ನೋಡ್ರಿ ಅಪ್ಪಾ," ಎಂದ ಕಾರ್ತಿಕ.

ಆರೂವರೆಗೆ ಶೋಭಾ ಅವರ ಧಾರಾವಾಹಿ ಶುರುವಾಯಿತು. ಧ್ವನಿ ಗಂಟೆ ಹೊಡೆದ ಹಾಗಿತ್ತು. ಆದರೆ ಕಾರ್ತಿಕ ಹುಬ್ಬು ಗಂಟಿಕ್ಕಿದ. ನಾಯಕಿಯ ಬಾಯಿ ಇನ್ನೂ ತೆರೆದಿರಲಿಲ್ಲ, ಮಾತು ಹೊರಗೆ ಬಂದಿತ್ತು.

"ಅಮ್ಮಾ, ಸಿಂಕ್ ಸರಿ ಇಲ್ಲ," ಎಂದು ಸೌಂಡ್‌ಬಾರಿನ ರಿಮೋಟ್ ಹಿಡಿದ. ಅದರಲ್ಲಿ ಧ್ವನಿಯನ್ನು ತಡೆದು ಬಿಡುವ ಗುಂಡಿ ಇತ್ತು. ಒಂದು ಸಲ ಒತ್ತಿದರೆ ಹತ್ತು ಮಿಲಿಸೆಕೆಂಡ್ ತಡ, ಇನ್ನೊಂದು ಸಲ ಒತ್ತಿದರೆ ಇಪ್ಪತ್ತು. ಒತ್ತುತ್ತ ಹೋದ. ಅರವತ್ತು, ನೂರಾ ಇಪ್ಪತ್ತು. ಒಂದು ಮಾತು ಕೂಡಿದಂತಾದರೆ ಮುಂದಿನದು ತಪ್ಪುತ್ತಿತ್ತು. ಇನ್ನೂರ ನಲವತ್ತಕ್ಕೆ ಬಂದಾಗ ನಾಯಕಿ ಅತ್ತೆಗೆ ಹೇಳಿದ ಒಂದು ಉದ್ದನೆಯ ಮಾತು ಬಾಯಿಗೆ ಸರಿಯಾಗಿ ಕೂತಿತು.

"ಆತು!" ಎಂದು ರಿಮೋಟನ್ನು ಕಪಾಟಿನ ಮೇಲೆ ಎತ್ತಿಟ್ಟ. ಮಗು ಕೈಗೆ ತೆಗೆದುಕೊಳ್ಳಬಾರದಲ್ಲ.

ಏಳು ಗಂಟೆಗೆ ರಾಯರ ವಾರ್ತೆ ಬಂತು. ಶೋಭಾ ಅಡುಗೆಮನೆಗೆ ಹೋದರು, ಕಾರ್ತಿಕ ಲ್ಯಾಪ್‌ಟಾಪ್ ತೆರೆದ. ರಾಯರು ಕುರ್ಚಿಯನ್ನು ಟಿವಿಯ ಹತ್ತಿರ ಎಳೆದುಕೊಂಡು ಕೂತರು. ವಾರ್ತೆಯ ಹುಡುಗಿ ಬಾಯಿ ತೆರೆದಳು. ಏನೋ ಅಂದಳು. ಏನು ಅಂದಳು? ಇವರಿಗೆ ತಲೆಬುಡ ಹತ್ತಲಿಲ್ಲ. ಒಂದು ಶಬ್ದ ಹಿಡಿಯಲು ಹೋದರೆ ಇನ್ನೊಂದು ಬಂದು ಮೈಮೇಲೆ ಬೀಳುತ್ತಿತ್ತು.

"ಹೆಂಗೈತ್ರಿ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಶೋಭಾ ಕೇಳಿದರು. "ನನಗ ಇಲ್ಲೀತನಾ ಕೇಳಾಕತ್ತೈತಿ. ಎಷ್ಟು ಚೆಂದ!"

ಮಗ ಪ್ರೀತಿಯಿಂದ ತಂದದ್ದು. ಅಡುಗೆಮನೆಯಲ್ಲಿರುವವಳಿಗೆ ತಿಳಿಯುತ್ತದೆ, ಎದುರಿಗೆ ಕೂತವನಿಗೆ ತಿಳಿಯುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? "ಚಲೋ ಐತಿ," ಎಂದರು ರಾಯರು.

ಹೀಗೆ ಒಂದು ವಾರ ಹೋಯಿತು. ವಾರ್ತೆ ಮುಗಿದ ಮೇಲೆ ಮಗ ಸುಮ್ಮನೆ ಮಾತಿಗೆ ಏನಾದರೂ ಕೇಳುತ್ತಿದ್ದ. "ಏನಂತ್ರಿ ಅಪ್ಪಾ ಇವತ್ತ, ಕೃಷ್ಣಾಕ್ಕ ನೀರು ಬಿಟ್ಟಾರಂತ?" ರಾಯರು ಕಣ್ಣು ಪಿಳಿಪಿಳಿ ಮಾಡುತ್ತಿದ್ದರು. ಅರ್ಧ ಗಂಟೆ ಟಿವಿ ಮುಂದೆ ಕೂತವರಿಗೆ ಒಂದು ಸುದ್ದಿಯೂ ಬಾಯಿಗೆ ಬರುತ್ತಿರಲಿಲ್ಲ. ಶೋಭಾ ಮಗನ ಮುಖ ನೋಡಿದರು. ಆ ನೋಟ ರಾಯರಿಗೆ ಕಂಡಿತು. ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ, ಅದೇ ಅವರ ಕರ್ಮ.

ಕಾರ್ತಿಕ ತನ್ನ ವೈರಿಲ್ಲದ ಹೆಡ್‌ಫೋನನ್ನು ತಂದು ಟಿವಿಗೆ ಬ್ಲೂಟೂತಿನಲ್ಲಿ ಜೋಡಿಸಿ ಅಪ್ಪನ ಕಿವಿಗೆ ಹಾಕಿದ. ಈಗಂತೂ ಧ್ವನಿ ತಲೆಯೊಳಗೇ ಇತ್ತು. ಆದರೂ ಅದೇ ಗೋಳು. ರಾಯರು ಎರಡು ನಿಮಿಷಕ್ಕೆ ಅದನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡರು. ಮೂವತ್ತೆಂಟು ವರ್ಷ ಯಂತ್ರದ ದೋಷ ಹುಡುಕಿದ ತಲೆ ಸರಳವಾದ ಲೆಕ್ಕ ಹಾಕಿತು: ಆ ಪೆಟ್ಟಿಗೆ ಬೇರೆ, ಈ ಹೆಡ್‌ಫೋನ್ ಬೇರೆ. ಎರಡೂ ಒಟ್ಟಿಗೆ ಕೆಡುವುದಿಲ್ಲ. ಎರಡಕ್ಕೂ ನಡುವೆ ಇರುವುದು ನಾನೊಬ್ಬ. ಹಾಗಿದ್ದರೆ ಕೆಟ್ಟದ್ದು ನಾನೇ.

ಅವರ ತಂದೆ ಕೊನೆಗಾಲದಲ್ಲಿ ಹೀಗೆಯೇ ಆಗಿದ್ದರು. ಎದುರಿಗೆ ಕೂತ ಮಗನನ್ನೇ 'ಯಾವ ಊರಾತಪ್ಪಾ ನಿಂದು' ಎಂದು ಕೇಳಿದ್ದರು. ಅದನ್ನು ನೆನೆದು ರಾಯರಿಗೆ ಹೆದರಿಕೆಯಾಯಿತು. ಬಹಳ ಹೆದರಿಕೆಯಾಯಿತು. ಯಾರಿಗೂ ಹೇಳಲಿಲ್ಲ.

ಅದರ ಮೇಲೆ ನಿರೀಕ್ಷಾಳ ಪ್ರಸಂಗ ನಡೆಯಿತು. ಒಂದು ಬುಧವಾರ ಶಾಲೆಯಿಂದ ಬರುವಾಗ ಅವಳು ಅಜ್ಜನ ಕೈಹಿಡಿದು ಏನೇನೋ ಹೇಳುತ್ತ ಬಂದಳು. ಅಜ್ಜ ರಸ್ತೆಯ ಆಟೋ, ಬಸ್ಸು ನೋಡುತ್ತ 'ಹೂಂ, ಹೂಂ' ಎನ್ನುತ್ತ ಬಂದರು. ಮೂಲೆಯಲ್ಲಿ ಎಂದಿನಂತೆ ಐಸ್ ಕ್ಯಾಂಡಿ ಕೊಡಿಸಿದರು. ಸಂಜೆ ಮಗುವಿಗೆ ವಾಂತಿ, ಜ್ವರ.

"ನಾ ಅಜ್ಜಗ ಹೇಳಿದ್ನಲ್ಲಾ, ಹೊಟ್ಟಿ ನೋಯಾಕತ್ತೈತಿ ಅಂತ!" ಎಂದು ಮಗು ಅತ್ತಿತು.

"ಅಕಿ ಹೇಳೇ ಇಲ್ಲ," ಎಂದರು ರಾಯರು. ಮಗು ಸುಳ್ಳು ಹೇಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹಾಗಾದರೆ ಹೇಳಿದ್ದು ಮರೆತುಹೋಗಿದೆ. ಅರ್ಧ ದಿನದೊಳಗೆ!

ಜ್ವರ ಇಳಿದ ಮೇಲೆ ಮಗುವನ್ನು ಕರೆತರಲು ಶೋಭಾ ಶಾಲೆಗೆ ಹೋಗತೊಡಗಿದರು, ನೋಯುವ ಮೊಣಕಾಲು ಹೊತ್ತುಕೊಂಡು. "ನಾಲ್ಕು ದಿನ ನೀವು ಆರಾಮ ಮಾಡ್ರಿ," ಎಂದರು ಗಂಡನಿಗೆ. ಕಾರ್ತಿಕ ನರರೋಗದ ಡಾಕ್ಟರ ಬಳಿ ಮುಂದಿನ ಗುರುವಾರಕ್ಕೆ ಹೆಸರು ಬರೆಸಿದ. ರಾಯರು ಹನ್ನೊಂದಕ್ಕೆ ಇಸ್ತ್ರಿ ಅಂಗಿ ಹಾಕಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಹಾಕಿಕೊಂಡು, ಗ್ಯಾಲರಿಯಲ್ಲಿ ನಿಂತು, ಕುಂಟುತ್ತ ಹೋಗುವ ಹೆಂಡತಿಯನ್ನು ನೋಡುತ್ತಿದ್ದರು. ಆ ಹೊತ್ತಿಗೆ ಅವರಿಗಾಗುತ್ತಿದ್ದ ಅವಮಾನವನ್ನು ಹೇಳಿ ಮುಗಿಸಲಾಗದು.

ಭಾನುವಾರ ಬೆಳಿಗ್ಗೆ ಸಾಬಣ್ಣ ಬಂದ. ಅದೇ ಫೋರ್ಜ್ ಶಾಪಿನಲ್ಲಿ ರಾಯರ ಎದುರಿನ ಸುತ್ತಿಗೆಗೆ ನಿಂತವನು, ಸುರಪುರದ ಕಡೆಯವನು, ಈಗ ಮೆಹದಿಪಟ್ಟಣಂನಲ್ಲಿ ಮನೆ. ಶೋಭಾ ಅವರೇ ಫೋನ್ ಮಾಡಿ, ಮಗುವಿನ ಹೊಟ್ಟೆನೋವಿನ ಪ್ರಸಂಗವನ್ನೂ ಹೇಳಿ ಕರೆಸಿದ್ದರು. ಚಹಾ ಕೊಡುವಾಗ ಕಣ್ಣಲ್ಲೇ 'ಹೇಗಿದ್ದಾರೆ ನೋಡು' ಎಂದರು. ಟಿವಿಯಲ್ಲಿ ವಾರ್ತೆ ಕಿರುಚುತ್ತಿತ್ತು.

"ಏ ಮಾರಾಯಾ, ಇದರ ಬಾಯಿ ಮುಚ್ಚು ಮೊದಲ," ಎಂದು ಸಾಬಣ್ಣ ಟಿವಿಯ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಬಂದ್ ಮಾಡಿದ. "ಹೇಳು ರಾಯಾ. ಏನಾತು ನಿನಗ?"

ರಾಯರು ಟಿವಿಯನ್ನೇ ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಅವರ ಮುಖದ ಗಂಟು ಸಡಿಲವಾಗಿತ್ತು.

"ನಾರಾಯಣಪುರ ಡ್ಯಾಮಿನ ಗೇಟ್ ಎತ್ಯಾರಂತ," ಎಂದರು. "ಹೊಳಿ ದಂಡಿ ಹಳ್ಳಿಯವರಿಗೆ ಹುಷಾರಿರ್ರಿ ಅಂತ ಹೇಳಾಕತ್ತಾಳ."

ಶೋಭಾ ಅವರ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಸಾಬಣ್ಣ ಮೊದಲು ನಂಬಲಿಲ್ಲ. "ಕೆಳಗ ಅಕ್ಷರ ಓಡಾಕತ್ಯಾವಲ್ಲ, ಅದನ್ನ ಓದಿದಿ," ಎಂದು ಎದ್ದು, ಹೆಗಲ ಮೇಲಿನ ಟವೆಲನ್ನು ಟಿವಿಯ ಕೆಳತುದಿಗೆ ಅಡ್ಡ ಹಿಡಿದು, ತಾನೂ ಪಕ್ಕಕ್ಕೆ ಬಗ್ಗಿ ಆ ಹುಡುಗಿಯ ಬಾಯಿ ನೋಡತೊಡಗಿದ. ರಾಯರು ಹೇಳುತ್ತ ಹೋದರು. ಎಲ್ಲ ಸಿಗಲಿಲ್ಲ. ಕೆಲವು ಹೆಸರು ತಪ್ಪಿದವು, ಒಂದು ಸುದ್ದಿ ಪೂರ್ತಿ ಹಾರಿಹೋಯಿತು. ಆದರೆ ಎಲ್ಲೋ ಲಾರಿ ಮಗುಚಿದ್ದು, ಮೆಣಸಿನಕಾಯಿ ದರ ಇಳಿದದ್ದು ಇಬ್ಬರಿಗೂ ಒಂದೇ ಥರ ತಿಳಿಯಿತು.

"ಅವ್ವಾ, ಇವನ ತಲಿಗೆ ಏನೂ ಆಗಿಲ್ಲ," ಎಂದ ಸಾಬಣ್ಣ. "ಕತ್ತರಿ ಇದ್ದಂಗ ಐತಿ."

"ಮತ್ತ ಸೌಂಡ್ ಇದ್ದಾಗ ಯಾಕ ತಿಳಿಯಂಗಿಲ್ಲೋ?" ಎಂದು ಕೇಳಿದರು ರಾಯರು. "ಸದ್ದಿಲ್ಲದಾಗ ತಿಳಿತೈತಿ, ಸದ್ದಿದ್ದಾಗ ಇಲ್ಲ. ಇದು ಶಾಣ್ಯಾತನದ ಲಕ್ಷಣೇನು? ಇದೂ ಹುಚ್ಚೇ ಅಲ್ಲೇನು?"

ಸಾಬಣ್ಣನಿಗೂ ಗೊಂದಲವಾಯಿತು. ತಲೆ ಕೆರೆದುಕೊಂಡು ಸದ್ದು ಮತ್ತೆ ಹಾಕಿದ. ನಡುಮನೆಯಲ್ಲಿ ನಿಂತು, ಕಣ್ಣು ಕಿರಿದು ಮಾಡಿ, ಆ ಹುಡುಗಿಯ ತುಟಿಯನ್ನೇ ನೋಡಿದ. ಅವಳು ಒಂದು ಸುದ್ದಿ ಮುಗಿಸಿ ಬಾಯಿ ಮುಚ್ಚಿದಳು. ಬಾಯಿ ಮುಚ್ಚಿದ ಮೇಲೂ ಮಾತಿನ ಬಾಲ ಹೊರಗೆ ಬಂತು.

"ಲೇ! ನಮ್ಮ ಕಾರ್ಖಾನಿ ಯಾರ್ಡ್ ನೆನಪೈತೇನು ನಿನಗ?" ಎಂದು ಕೂಗಿದ. "ದೂರ ಗೇಟಿನ ಹತ್ರ ನಿಂತು ನಮ್ಮ ಸುತ್ತಿಗಿ ನೋಡತಿದ್ವಿ. ಸುತ್ತಿಗಿ ಮೊದಲ ಬೀಳೂದು, ಧಡ್ ಅನ್ನೂದು ಆಮ್ಯಾಲ ಬರೂದು. ಇಲ್ಲೂ ಹಂಗ ಆಗೈತಿ. ಇಕಿ ಬಾಯಿ ಮೊದಲ, ಮಾತು ಆಮ್ಯಾಲ!"

ರಾಯರು ಎದ್ದು ನಿಂತರು. ಅವರ ಕಣ್ಣು ಒಂದು ಮಾತು ಓದುತ್ತಿತ್ತು, ಅದೇ ಹೊತ್ತಿಗೆ ಕಿವಿಗೆ ಅದರ ಹಿಂದಿನ ಮಾತು ಬೀಳುತ್ತಿತ್ತು. ಎರಡು ಬಾಯಿ ಒಟ್ಟಿಗೆ ಬೇರೆ ಬೇರೆ ಮಾತಾಡಿದರೆ ಯಾರಿಗೆ ತಾನೇ ತಿಳಿದೀತು?

"ಕಾರ್ತಿಕಾ!" ಎಂದು ಕರೆದರು. ಒಳಗಿನಿಂದ ಮಗ ಓಡಿಬಂದ.

ಕಾರ್ತಿಕ ಕಪಾಟಿನ ಮೇಲಿಂದ ಸೌಂಡ್‌ಬಾರಿನ ರಿಮೋಟ್ ತೆಗೆದು ಗುಂಡಿ ಒತ್ತಿದ. ಕರಿ ಪೆಟ್ಟಿಗೆಯ ಮೇಲೆ ಇನ್ನೂರ ನಲವತ್ತು ಎಂದು ಮೂಡಿತು. "ನಾನೇ ಸೆಟ್ ಮಾಡಿದ್ದೆ, ಅಂಕಲ್. ಅಮ್ಮನ ಸೀರಿಯಲ್ ನೋಡಿ ಕರೆಕ್ಟಾಗಿ ಕೂಡಿಸಿದ್ದೆ."

"ಯಾವ ಸೀರಿಯಲ್ಲವ್ವಾ?" ಎಂದು ಸಾಬಣ್ಣ ಶೋಭಾ ಕಡೆ ತಿರುಗಿದ.

ಶೋಭಾ ಹೆಸರು ಹೇಳಿದರು. "ಹಿಂದೀದು. ಕನ್ನಡದಾಗ ಮಾತು ಕೂಡಿಸ್ಯಾರ."

ಸಾಬಣ್ಣ ಬಿದ್ದು ಬಿದ್ದು ನಕ್ಕ. ಹಿಂದಿಯಲ್ಲಿ ಆಡಿದ ಬಾಯಿಗೆ ಕನ್ನಡದ ಮಾತು ಹಚ್ಚಿದ್ದಾರೆ. ಅದು ಇಹಜನ್ಮದಲ್ಲಿ ಕೂಡುವುದುಂಟೇ? ಮೊದಲ ದಿನ ಎಲ್ಲ ಸರಿಯಾಗಿಯೇ ಇತ್ತು. ಸರಿಯಿಲ್ಲದ ಧಾರಾವಾಹಿಯನ್ನು ಅಳತೆಗೋಲು ಮಾಡಿ ಸರಿಯಿದ್ದ ಪೆಟ್ಟಿಗೆಯನ್ನು ಕೆಡಿಸಿದ್ದ ಇಂಜಿನಿಯರ್ ಮಗ. ಅವನ ಕಿವಿ ಕೆಂಪಾದವು.

"ಹಂಗಾದ್ರ ಹೆಡ್‌ಫೋನ್?" ಎಂದರು ರಾಯರು. ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಅದರಾಗೂ ಹಿಂಗೇ ಇತ್ತಲ್ಲ?"

ಕಾರ್ತಿಕ ಯೋಚಿಸಿದ. "ಅದು ಈ ಪೆಟ್ಟಿಗೆ ಮೂಲಕ ಬರಂಗಿಲ್ರಿ, ಸೀದಾ ಟಿವಿಯಿಂದ ಬರತೈತಿ. ಬ್ಲೂಟೂತಿನಾಗ ಧ್ವನಿ ಕಟ್ಟಿ ಕಳಸಾಕ, ಆ ಕಡೆ ಬಿಚ್ಚಾಕ ಟೈಮ್ ಹಿಡಿತೈತಿ. ಹಾಡು ಕೇಳಾಕ ನಡೀತೈತಿ, ಬಾಯಿ ನೋಡಾವ್ರಿಗೆ ನಡಿಯಂಗಿಲ್ಲ. ಎರಡೂ ಬ್ಯಾರೆ ಬ್ಯಾರೆ ಕಾರಣಕ್ಕ ತಡ ಆಗ್ಯಾವ್ರಿ ಅಪ್ಪಾ."

ಎರಡೂ ಒಟ್ಟಿಗೆ ಕೆಡುವುದಿಲ್ಲ ಎಂಬ ಲೆಕ್ಕ ತಪ್ಪಿತ್ತು. ಎರಡೂ ಕೆಟ್ಟಿದ್ದವು. ನಡುವಿನ ಮನುಷ್ಯ ಸರಿಯಿದ್ದ. ರಾಯರು ಮಗನ ಮುಂದೆ ಕೈ ಚಾಚಿದರು. "ಕೊಡಿಲ್ಲೆ ರಿಮೋಟ್."

"ಏರಿಸಿದ್ರ ಇನ್ನೂ ತಡ ಆಗತೈತ್ರಿ," ಎಂದ ಕಾರ್ತಿಕ. "ಇದು ಧ್ವನಿ ಹಿಡಿದು ನಿಲ್ಲಸ್ತೈತಿ ಅಷ್ಟ, ಮುಂದ ತರಂಗಿಲ್ಲ. ಇಳಿಸ್ರಿ."

ಇಳಿಸಿದರು. ಇನ್ನೂರು, ನೂರೈವತ್ತು, ನೂರು. ವಾರ್ತೆಯ ಹುಡುಗಿಯ 'ಮ' ಮತ್ತು 'ಬ' ಹಿಡಿದರು. ಆ ಅಕ್ಷರಗಳಿಗೆ ತುಟಿ ಕೂಡಲೇಬೇಕಲ್ಲ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸೊನ್ನೆಗೆ ಬಂದಾಗ, "ಈಗ ಮಾತು ಕೂದಲೆಳಿಯಷ್ಟ ಮುಂದೈತಿ," ಎಂದರು. ಮಗನಿಗೆ, ಹೆಂಡತಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಟಿವಿ ಚಿತ್ರವನ್ನು ತಿದ್ದಿ ತೀಡಲು ಒಂಚೂರು ಹೊತ್ತು ತೆಗೆದುಕೊಳ್ಳುತ್ತದೆ, ಅದಕ್ಕೇ ಇರಬೇಕು ಎಂದ ಕಾರ್ತಿಕ. ರಾಯರು ಮತ್ತೆ ಹತ್ತು, ಇಪ್ಪತ್ತು, ಮೂವತ್ತು ಏರಿಸಿದರು. ನಲವತ್ತಕ್ಕೆ ನಿಲ್ಲಿಸಿ, ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ರಾಯಚೂರಿನಲ್ಲಿ ನಾಳೆಯೂ ಮಳೆಯಾಗುವ ಸಂಭವವಿದೆ," ಎಂದಳು ಹುಡುಗಿ. ಪ್ರತಿ ಅಕ್ಷರ ಅವಳ ತುಟಿಯಿಂದ ಎದ್ದು ಇವರೊಳಗೆ ಬಂದು ಕೂತಿತು. ರಾಯರ ಕಣ್ಣಲ್ಲಿ ನೀರು ಬಂತು. ಶೋಭಾ ಗೋಡೆಗೆ ಮುಖ ತಿರುಗಿಸಿ ಸೆರಗಿನಿಂದ ಮೂಗೊರೆಸಿಕೊಂಡರು. "ಗುರುವಾರದ ಡಾಕ್ಟರ್ ಬ್ಯಾಡ ಬಿಡೋ," ಎಂದರು ಮಗನಿಗೆ.

ಸಾಬಣ್ಣ ಮಾತ್ರ ಆಗ ನಗುತ್ತಿರಲಿಲ್ಲ. ಎದ್ದು ಹೋಗಿ ರಾಯರ ಕುರ್ಚಿಯ ಹಿಂದೆ ನಿಂತ. ಟಿವಿಯ ಸದ್ದು ನಿಲ್ಲಿಸಿ, ಸಾಮಾನ್ಯ ಧ್ವನಿಯಲ್ಲಿ, "ರಾಯಾ, ನನಗ ಭಾಳ ಹೊಟ್ಟಿ ನೋಯಾಕತ್ತೈತಿ," ಎಂದ.

ರಾಯರು ಟಿವಿ ನೋಡುತ್ತಲೇ ಇದ್ದರು.

ಸಾಬಣ್ಣ ಇನ್ನೊಮ್ಮೆ ಹೇಳಿದ. ಬೆನ್ನ ಹಿಂದೆ ಯಾರೋ ಏನೋ ಅಂದಂತಾಗಿ ರಾಯರು ಕತ್ತೂ ತಿರುಗಿಸದೆ, "ಹೂಂ, ಹೂಂ," ಎಂದರು.

ಹೆಂಡತಿಯ ಮುಖ, ಮಗನ ಮುಖ ನೋಡಿ ರಾಯರು ತಿರುಗಿದರು. "ಏನಾರ ಅಂದ್ಯಾ?"

ಸಾಬಣ್ಣ ಎದುರಿಗೆ ಬಂದು ಕೂತು, ಅದೇ ಮಾತನ್ನು ತುಟಿಯಲ್ಲಿ ನಿಧಾನವಾಗಿ ಹೇಳಿದ. ರಾಯರು ಓದಿದರು. ಮಗು ಅವತ್ತು ಸುಳ್ಳು ಹೇಳಿರಲಿಲ್ಲ. ತಾವು ಮರೆತಿರಲೂ ಇಲ್ಲ. ಸೊಂಟದೆತ್ತರದ ಮಗು ಕೆಳಗೆ ನೋಡುತ್ತ ಹೇಳಿದ್ದು ಮೇಲಿನ ತನಕ ಬಂದೇ ಇರಲಿಲ್ಲ. ತುಟಿಯ ವಿದ್ಯೆಯನ್ನು ಕಾರ್ಖಾನೆಯಲ್ಲಿ ಬಿಟ್ಟು ಬಂದೆನೆಂದುಕೊಂಡಿದ್ದರು. ಬಿಟ್ಟು ಬಂದದ್ದು ಕಿವಿಯನ್ನು.

"ಗುರುವಾರ ಡಾಕ್ಟರ್ ಕಡೆ ಹೋಗೋಣು," ಎಂದರು ಕೊನೆಗೆ. "ತಲಿ ಡಾಕ್ಟರ್ ಬ್ಯಾಡ. ಕಿವಿ ಡಾಕ್ಟರ್."

ಸೋಮವಾರ ಹನ್ನೊಂದಕ್ಕೆ ಅವರು ಇಸ್ತ್ರಿ ಅಂಗಿ ಹಾಕಿಕೊಂಡಾಗ ಶೋಭಾ ಛತ್ರಿ ತಂದು ಕೈಗೆ ಕೊಟ್ಟರು. ಶಾಲೆಯ ಗೇಟಿನಲ್ಲಿ ನಿರೀಕ್ಷಾ ಅಜ್ಜನನ್ನು ನೋಡಿ ಓಡಿಬಂದು, ಕೈಹಿಡಿದು, ರಸ್ತೆ ನೋಡುತ್ತ ಏನೋ ಹೇಳತೊಡಗಿದಳು. ರಾಯರ ಬಾಯಲ್ಲಿ 'ಹೂಂ' ತಯಾರಾಗಿಯೇ ಇತ್ತು. ಅದನ್ನು ನುಂಗಿಕೊಂಡರು. ಮಗುವನ್ನು ರಸ್ತೆಯ ಅಂಚಿಗೆ, ಒಂದು ಬೇವಿನ ಮರದ ಕೆಳಗೆ ಕರೆದೊಯ್ದು, ಮೊಣಕಾಲೂರಿ ಕೂತರು. ಇಸ್ತ್ರಿ ಪಂಚೆ ಧೂಳಾಯಿತು. ಅವಳ ಮುಖ ಅವರ ಮುಖದ ಎದುರಿಗೆ ಬಂತು.

"ಅವತ್ತ ನೀ ಹೊಟ್ಟಿ ನೋಯತೈತಿ ಅಂತ ಎಷ್ಟು ಸಲ ಹೇಳಿದ್ದಿ, ಕೂಸಾ?"

ಮಗು ಮೂರು ಬೆರಳು ತೋರಿಸಿತು.

"ನನಗ ಒಂದೂ ಕೇಳಿರಲಿಲ್ಲವಾ. ಅಜ್ಜನ ಕಿವಿ ಹೋಗ್ಯಾವು," ಎಂದರು. ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಆರು ವರ್ಷದ ಮಗುವಿಗೆ. "ಇನ್ನ ಮ್ಯಾಲೆ ಏನರ ಹೇಳೂದಿದ್ರ ನನ್ನ ಕೈ ಜಗ್ಗು. ನಾ ಕೂಡತೀನಿ. ಆಮ್ಯಾಲ ಹೇಳು."

ನಿರೀಕ್ಷಾ ತಲೆಯಾಡಿಸಿದಳು. ಆಮೇಲೆ ಸಾಬಣ್ಣ ಅಜ್ಜ ನಿನ್ನೆ ತೋರಿಸಿಕೊಟ್ಟಂತೆ, ಸದ್ದೇ ಮಾಡದೆ, ತುಟಿಯನ್ನು ದೊಡ್ಡದಾಗಿ ಆಡಿಸಿ ಏನೋ ಹೇಳಿದಳು. ರಾಯರು ಓದಿದರು.

ಹೊಟ್ಟೆ ಈಗ ಚಲೋ ಐತಿ, ಐಸ್ ಕ್ಯಾಂಡಿ ಕೊಡಿಸು ಎಂದಿದ್ದಳು. ಅವರು ಎದ್ದು, ಪಂಚೆಯ ಧೂಳು ಕೊಡವಿ, ಅವಳ ಕೈಹಿಡಿದು ಮೂಲೆಯ ಅಂಗಡಿಯ ಕಡೆಗೆ ನಡೆದರು.